ಖಾನೆಯ ಫೋಟೊ ಮುಖ ಎಣಿಸುತ್ತದೆ, ಮಾಲನ್ನಲ್ಲ

ಕಿರಾಣಿ ಅಂಗಡಿಗೆ ಬರುವ ಕಂಪನಿ ಸೇಲ್ಸ್‌ಮ್ಯಾನ್ ಮೊದಲು ಆರ್ಡರ್ ಬರೆದುಕೊಂಡು ಹೋಗುತ್ತಿದ್ದ. ಈಗ ದೊಡ್ಡ ಪಟ್ಟಣಗಳಲ್ಲಿ ಆತನಿಗೆ ಇನ್ನೊಂದು ಕೆಲಸ ಸೇರಿದೆ. ಅಂಗಡಿಯ ರ‍್ಯಾಕ್‌ನ ಫೋಟೊ ತೆಗೆದು ಆ್ಯಪ್‌ಗೆ ಹಾಕಬೇಕು. ಆ್ಯಪ್ ಹಿಂದಿರುವ ಯಂತ್ರ ಫೋಟೊದಲ್ಲಿನ ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್‌ಗಳನ್ನು ಎಣಿಸಿ, ಯಾವುದು ಎಷ್ಟಿದೆ, ಯಾವ ಜಾಗ ಖಾಲಿ ಇದೆ ಎಂದು ಹೇಳುತ್ತದೆ. ಬೆಂಗಳೂರಿನ ಇನ್ಫಿಲೆಕ್ಟ್, ಗುರುಗ್ರಾಮದ ಪ್ಯಾರಲಲ್‌ಡಾಟ್ಸ್, ಸಿಂಗಾಪುರದ ಟ್ರ್ಯಾಕ್ಸ್ ಥರದ ಕಂಪನಿಗಳ ವ್ಯಾಪಾರವೇ ಇದು.

ಈ ತಂತ್ರಜ್ಞಾನವನ್ನು ನಾನು ಕಲಬುರಗಿ ಜಿಲ್ಲೆಯ ಐದು ಊರುಗಳನ್ನು ಕಣ್ಣಮುಂದಿಟ್ಟುಕೊಂಡು ನೋಡುತ್ತೇನೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಇಲ್ಲಿನ ಅಂಗಡಿಗಳಿಗೆ ಮಾಲು ತರುವ ಏಜೆನ್ಸಿಯವರ ವಾಹನಕ್ಕೆ ವಾರದಲ್ಲಿ ಒಂದೇ ಬೀಟ್ ಇದ್ದರೆ, ಆ ದಿನ ತಪ್ಪಿದ ಆರ್ಡರ್ ಮತ್ತೆ ಒಂದು ವಾರ ಕಾಯಬೇಕು. ಹಾಗಾಗಿ ‘ಖಾಲಿ ಇದೆ’, ‘ತುಂಬಿದೆ’ ಎಂಬ ಯಂತ್ರದ ಒಂದು ಮಾತು ಇಲ್ಲಿ ಬರೀ ವರದಿಯಾಗಿ ಉಳಿಯುವುದಿಲ್ಲ. ಅಂಗಡಿಗೆ ಮಾಲು ಬರುತ್ತದೋ ಇಲ್ಲವೋ, ಸೇಲ್ಸ್‌ಮ್ಯಾನ್‌ಗೆ ಇನ್ಸೆಂಟಿವ್ ಸಿಗುತ್ತದೋ ಇಲ್ಲವೋ ಅನ್ನುವುದನ್ನು ಅದು ನಿರ್ಧರಿಸಬಹುದು.

ನನ್ನ ವಾದ ಇಷ್ಟೇ. ಫೋಟೊದಿಂದ ಎಣಿಸಲು ಆಗುವುದು ಮುಂದೆ ಕಾಣುವ ಮುಖಗಳನ್ನು ಮಾತ್ರ. ದಾಸ್ತಾನು ಎಂಬುದು ಆ ಮುಖಗಳ ಮೇಲೆ ಕಟ್ಟಿದ ಊಹೆ. ಊಹೆಯನ್ನು ಎಣಿಕೆ ಎಂದು ಮಾರಿದಾಗ, ತಪ್ಪಿನ ಬೆಲೆಯನ್ನು ಸರಪಳಿಯ ಕೆಳತುದಿಯಲ್ಲಿರುವವರು ಕಟ್ಟುತ್ತಾರೆ.

ಯಂತ್ರ ಎಣಿಸುವುದು ಹೇಗೆ?

ಮೊದಲ ಹಂತದಲ್ಲಿ ಯಂತ್ರಕ್ಕೆ ಯಾವ ಬ್ರ್ಯಾಂಡ್ ಅನ್ನುವುದೇ ಬೇಕಾಗಿಲ್ಲ. ‘ಇಲ್ಲೊಂದು ವಸ್ತುವಿದೆ, ಇಲ್ಲಿ ಇನ್ನೊಂದು’ ಎಂದು ಪ್ರತಿಯೊಂದರ ಸುತ್ತ ಒಂದು ಚೌಕ ಎಳೆಯುತ್ತದೆ. ಒಂದೇ ಸೋಪಿನ ಮೇಲೆ ಎರಡು ಮೂರು ಚೌಕ ಬೀಳುವುದು ಸಹಜ. ಹಾಗಾಗಿ ಒಂದರ ಮೇಲೊಂದು ಹೆಚ್ಚು ಬಿದ್ದಿರುವ ಚೌಕಗಳಲ್ಲಿ ಒಂದನ್ನು ಉಳಿಸಿ ಉಳಿದವನ್ನು ಅಳಿಸುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ. ರ‍್ಯಾಕ್‌ನಲ್ಲಿ ಸೋಪುಗಳು ಒತ್ತೊತ್ತಾಗಿ, ಸ್ವಲ್ಪ ಓರೆಯಾಗಿ ಕೂತಿದ್ದರೆ, ಪಕ್ಕಪಕ್ಕದ ಎರಡು ಬೇರೆ ಸೋಪುಗಳ ಚೌಕಗಳೂ ಒಂದರ ಮೇಲೊಂದು ಬರುತ್ತವೆ. ಹೆಚ್ಚು ಅಳಿಸಿದರೆ ನಿಜವಾದ ಸೋಪು ಲೆಕ್ಕ ತಪ್ಪುತ್ತದೆ, ಕಡಿಮೆ ಅಳಿಸಿದರೆ ಒಂದೇ ಸೋಪು ಎರಡು ಸಲ ಎಣಿಕೆಯಾಗುತ್ತದೆ.

ಎರಡನೇ ಹಂತದಲ್ಲಿ ಪ್ರತಿ ಚೌಕದ ಚಿತ್ರವನ್ನು ಕಂಪನಿಯ ಪ್ಯಾಕೆಟ್ ಚಿತ್ರಗಳ ಸಂಗ್ರಹದ ಜೊತೆ ಹೋಲಿಸಿ ಹೆಸರು ಹಚ್ಚುತ್ತದೆ. 5 ರೂಪಾಯಿ ಪ್ಯಾಕೂ 10 ರೂಪಾಯಿ ಪ್ಯಾಕೂ ಒಂದೇ ಬಣ್ಣ, ಒಂದೇ ಅಕ್ಷರ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಆದರೆ ಫೋಟೊದಲ್ಲಿ ಹತ್ತಿರ ಇರುವ ಸಣ್ಣದು ದೊಡ್ಡದಾಗಿಯೂ, ದೂರ ಇರುವ ದೊಡ್ಡದು ಸಣ್ಣದಾಗಿಯೂ ಕಾಣುತ್ತದಲ್ಲ! 2025ರ ಸೆಪ್ಟೆಂಬರ್ 22ರಿಂದ ಸೋಪು, ಶ್ಯಾಂಪೂ, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ಶೇ.18ರಿಂದ ಶೇ.5ಕ್ಕೆ ಇಳಿದದ್ದು ನೆನಪಿರಬಹುದು. ಅಂಥ ಬದಲಾವಣೆ ಆದಾಗ ಹಳೆ ದರದ ಮಾಲೂ ಹೊಸ ದರದ ಮಾಲೂ ಒಂದೇ ಖಾನೆಯಲ್ಲಿ ಒಂದೇ ಮುಖ ಹೊತ್ತು ಕೂರುತ್ತವೆ. ಅಂಗಡಿಯವರು ಹಿಂದೆ ತಿರುಗಿಸಿ ದರ ನೋಡುತ್ತಾರೆ, ಫೋಟೊ ತಿರುಗಿಸಿ ನೋಡಲಾರದು.

ಮೂರನೇ ಹಂತ ಖಾಲಿ ಜಾಗ ಹುಡುಕುವುದು. ಎರಡು ವಸ್ತುಗಳ ನಡುವೆ ಒಂದು ಪ್ಯಾಕೆಟ್ ಅಗಲಕ್ಕಿಂತ ಹೆಚ್ಚು ತೆರವಿದ್ದರೆ ಅದು ಗ್ಯಾಪ್. ಆ ಗ್ಯಾಪ್ ಯಾವ ವಸ್ತುವಿನದು? ಅದನ್ನು ಹೇಳಲು ಯಂತ್ರಕ್ಕೆ ಒಂದು ನಕ್ಷೆ ಬೇಕು. ಯಾವ ಖಾನೆಯಲ್ಲಿ ಏನಿರಬೇಕು ಎಂಬ ಆ ನಕ್ಷೆಗೆ ವ್ಯಾಪಾರದ ಭಾಷೆಯಲ್ಲಿ ಪ್ಲಾನೋಗ್ರಾಮ್ ಅನ್ನುತ್ತಾರೆ. ಸೂಪರ್ ಮಾರ್ಕೆಟ್‌ನಲ್ಲಿ ಅದು ಇರುತ್ತದೆ. ಕಿರಾಣಿ ಅಂಗಡಿಯಲ್ಲಿ ಅದು ಅಂಗಡಿಯವರ ತಲೆಯಲ್ಲಿರುತ್ತದೆ, ಸಂತೆಯ ದಿನ ಒಂದು ಥರ, ಹಬ್ಬದ ವಾರ ಇನ್ನೊಂದು ಥರ.

ಎರಡು ಅಂಗಡಿ, ಒಂದೇ ಸೋಪು

ಈಗ ಒಂದು ಲೆಕ್ಕ ಮಾಡೋಣ. ಲೆಕ್ಕ ನನ್ನದೇ, ಅಂಗಡಿಗಳೂ ಕಲ್ಪಿತ. ವಾಡಿಯಲ್ಲಿ ಒಂದು ಅಂಗಡಿ, ಚಿಂಚೋಳಿಯಲ್ಲಿ ಒಂದು ಅಂಗಡಿ. ಎರಡರಲ್ಲೂ ಒಂದೇ ಸೋಪಿಗೆ ಒಂದು ಖಾನೆ. ಅಡ್ಡಕ್ಕೆ 12 ಸಾಲು, ಪ್ರತಿ ಸಾಲಿನಲ್ಲಿ ಒಂದರ ಹಿಂದೆ ಒಂದರಂತೆ 4 ಸೋಪು. ಒಟ್ಟು 48. ಎರಡೂ ಕಡೆ ದಿನಕ್ಕೆ 3 ಸೋಪು ಹೋಗುತ್ತದೆ. ಅಂದರೆ ತುಂಬಿದ ಖಾನೆ 16 ದಿನಕ್ಕೆ ಮಾಲು. ಸೇಲ್ಸ್‌ಮ್ಯಾನ್ ವಾರಕ್ಕೊಮ್ಮೆ ಬಂದು ಫೋಟೊ ತೆಗೆಯುತ್ತಾನೆ, ಇವತ್ತು ಹಾಕಿದ ಆರ್ಡರ್ ಮುಂದಿನ ವಾರದ ಗಾಡಿಯಲ್ಲಿ ಬರುತ್ತದೆ. ಆ್ಯಪ್‌ನ ನಿಯಮ: ಮುಂದೆ ಕಾಣುವ ಸೋಪು 8ಕ್ಕಿಂತ ಕಡಿಮೆಯಾದರೆ ಆರ್ಡರ್ ಹಾಕು.

ವಾಡಿಯ ಅಂಗಡಿಯವರ ರೂಢಿ ಒಂದು ಸಾಲು ಪೂರ್ತಿ ಮುಗಿಸಿ ಪಕ್ಕದ ಸಾಲಿಗೆ ಕೈ ಹಾಕುವುದು. ಚಿಂಚೋಳಿಯವರ ರೂಢಿ ಎಲ್ಲ ಸಾಲಿನಿಂದ ಒಂದೊಂದು ತೆಗೆಯುವುದು. ಖಾನೆ ಚೆಂದ ಕಾಣಲಿ ಅಂತ ಹಿಂದಿನದನ್ನು ಮುಂದಕ್ಕೆ ಎಳೆದಿಡುವುದೂ ಉಂಟು. ಯಾರ ರೂಢಿಯೂ ತಪ್ಪಲ್ಲ.

ಏಳನೇ ದಿನ ಎರಡೂ ಕಡೆ 21 ಸೋಪು ಮಾರಾಟವಾಗಿ 27 ಉಳಿದಿವೆ. ವಾಡಿಯಲ್ಲಿ 5 ಸಾಲು ಪೂರ್ತಿ ಖಾಲಿ, ಆರನೆಯದರಲ್ಲಿ ಒಂದು ಹೋಗಿದೆ. ಫೋಟೊದಲ್ಲಿ ಕಾಣುವುದು 7 ಮುಖ. ಆ್ಯಪ್ ಆರ್ಡರ್ ಹಾಕುತ್ತದೆ. ಚಿಂಚೋಳಿಯಲ್ಲಿ ಯಾವ ಸಾಲೂ ಪೂರ್ತಿ ಖಾಲಿಯಾಗಿಲ್ಲ. ಕಾಣುವುದು 12 ಮುಖ. ‘ಫುಲ್ ಸ್ಟಾಕ್’ ಎಂದು ಹಸಿರು ಟಿಕ್ ಬೀಳುತ್ತದೆ. ನೆನಪಿಡಿ, ಎರಡೂ ಅಂಗಡಿಯಲ್ಲಿರುವುದು ಅದೇ 27 ಸೋಪು, ಅದೇ 9 ದಿನದ ಮಾಲು.

ಹದಿನಾಲ್ಕನೇ ದಿನ ವಾಡಿಗೆ ಗಾಡಿ ಬಂತು, ಖಾನೆ ತುಂಬಿತು. ಚಿಂಚೋಳಿಯಲ್ಲಿ ಉಳಿದದ್ದು 6 ಸೋಪು. ಈಗ ಫೋಟೊದಲ್ಲಿ 6 ಮುಖ ಕಂಡು ಆ್ಯಪ್‌ಗೆ ಎಚ್ಚರವಾಯಿತು, ಆರ್ಡರ್ ಬಿತ್ತು. ಆದರೆ 6 ಸೋಪು 2 ದಿನಕ್ಕೆ ಸಾಕು, ಗಾಡಿ ಬರುವುದು 21ನೇ ದಿನ. ನಡುವೆ 5 ದಿನ ಆ ಅಂಗಡಿಯಲ್ಲಿ ಸೋಪಿಲ್ಲ. ಕೇಳಿ ಬಂದವರಿಗೆ ‘ಮಾಲ್ ಬಂದಿಲ್ರಿ’ ಎಂಬ ಉತ್ತರ. 15 ಸೋಪಿನ ವ್ಯಾಪಾರ ಹೋಯಿತು, ಅದರ ಜೊತೆ ಬರುತ್ತಿದ್ದ ಉಪ್ಪು, ಎಣ್ಣೆಯ ವ್ಯಾಪಾರವೂ ಪಕ್ಕದ ಅಂಗಡಿಗೆ ಹೋಗಿರಬಹುದು.

ಇಲ್ಲಿ ಯಂತ್ರ ಒಂದು ಸೋಪನ್ನೂ ತಪ್ಪು ಎಣಿಸಿಲ್ಲ ಅನ್ನುವುದನ್ನು ಗಮನಿಸಿ. 7 ಇದ್ದಲ್ಲಿ 7, 12 ಇದ್ದಲ್ಲಿ 12 ಎಂದೇ ಹೇಳಿದೆ. ‘ನಮ್ಮ ಸಿಸ್ಟಂ ಶೇ.95ಕ್ಕಿಂತ ಹೆಚ್ಚು ನಿಖರ’ ಎಂದು ಯಾರಾದರೂ ಜಾಹೀರಾತು ಕೊಟ್ಟರೆ, ಆ ನಿಖರತೆ ಯಾವುದರದು ಎಂದು ಕೇಳಬೇಕಿರುವುದು ಇದಕ್ಕೇ. ಮುಖದ ಎಣಿಕೆ ನೂರಕ್ಕೆ ನೂರು ಸರಿ ಇದ್ದೂ ದಾಸ್ತಾನಿನ ತೀರ್ಮಾನ ಪೂರ್ತಿ ತಪ್ಪಾಗಬಹುದು.

ಹಾಗಾದರೆ ಫೋಟೊ ಕೆಲಸಕ್ಕೇ ಬಾರದೇ?

ಬರುತ್ತದೆ. ಆದರೆ ಒಂಟಿಯಾಗಿ ಅಲ್ಲ, ಬಿಲ್ಲಿನ ಜೊತೆ. ಹಿಂದಿನ ದಾಸ್ತಾನಿಗೆ ಬಂದ ಮಾಲು ಕೂಡಿಸಿ, ಮಾರಿದ್ದನ್ನು ಕಳೆದರೆ ಈಗಿನ ದಾಸ್ತಾನು. ಇದು ಕಿರಾಣಿ ಅಂಗಡಿಯ ಹಳೆಯ ಲೆಕ್ಕ. ಫೋಟೊ ಇದಕ್ಕೆ ಒಂದು ಎಲ್ಲೆ ಹಾಕಿಕೊಡುತ್ತದೆ. ಮೇಲಿನ ಖಾನೆಯಲ್ಲಿ 7 ಮುಖ ಕಂಡರೆ ಅಲ್ಲಿರುವ ಸೋಪು ಕನಿಷ್ಠ 7, ಗರಿಷ್ಠ 28. 12 ಮುಖ ಕಂಡರೆ ಕನಿಷ್ಠ 12, ಗರಿಷ್ಠ 48. ಬಿಲ್ಲಿನ ಲೆಕ್ಕ 27 ಎನ್ನುತ್ತಿದ್ದರೆ ಅದು ಎರಡು ಎಲ್ಲೆಯೊಳಗೂ ಬರುತ್ತದೆ. ಅಂದರೆ ಫೋಟೊ ಹೊಸದೇನನ್ನೂ ಹೇಳಿಲ್ಲ, ಬಿಲ್ಲಿನ ಲೆಕ್ಕ ನಂಬಿ ಎರಡೂ ಕಡೆ ಆರ್ಡರ್ ಹಾಕಬೇಕು.

ಫೋಟೊ ನಿಜವಾಗಿ ಮಾತಾಡುವುದು ಎಲ್ಲೆ ಮುರಿದಾಗ. ಬಿಲ್ಲಿನ ಪ್ರಕಾರ 27 ಇರಬೇಕು, ಫೋಟೊದಲ್ಲಿ 2 ಮುಖ ಮಾತ್ರ ಇವೆ ಅಂದುಕೊಳ್ಳಿ. ಆಗ ಖಾನೆಯಲ್ಲಿ 8ಕ್ಕಿಂತ ಹೆಚ್ಚು ಇರಲು ಸಾಧ್ಯವೇ ಇಲ್ಲ. ಉಳಿದ 19 ಎಲ್ಲಿ ಹೋದವು? ಅಂದಾಜಿಗಿಂತ ಹೆಚ್ಚು ಮಾರಾಟ ಆಗಿರಬಹುದು, ಒಳಗಿನ ಕೋಣೆಯ ಬಾಕ್ಸ್‌ನಲ್ಲೇ ಉಳಿದಿರಬಹುದು, ಬಿಲ್ಲಿನಷ್ಟು ಮಾಲು ಬಂದೇ ಇಲ್ಲದಿರಬಹುದು. ಈ ಪ್ರಶ್ನೆ ಎತ್ತಿಕೊಡುವುದೇ ಫೋಟೊದ ಬೆಲೆ. ಉತ್ತರ ಸಿಗುವುದು ಅಂಗಡಿಯವರನ್ನು ಕೇಳಿದಾಗ.

ಇದನ್ನು ಸಂಶೋಧನೆಯೂ ಹೇಳುತ್ತದೆ. ಗ್ರೂಯೆನ್, ಕಾರ್ಸ್ಟನ್, ಭಾರದ್ವಾಜ್ ಎಂಬ ಮೂವರು 2002ರಲ್ಲಿ ಪ್ರಕಟಿಸಿದ, ಈ ಕ್ಷೇತ್ರದಲ್ಲಿ ಇವತ್ತಿಗೂ ಉಲ್ಲೇಖವಾಗುವ ಅಧ್ಯಯನದ ಪ್ರಕಾರ ಜಗತ್ತಿನ ಮಳಿಗೆಗಳಲ್ಲಿ ಸರಾಸರಿ ಶೇ.8.3ರಷ್ಟು ವಸ್ತುಗಳು ಕೇಳಿದಾಗ ಸಿಗುವುದಿಲ್ಲ. ಅದರಲ್ಲಿ ಸುಮಾರು ಕಾಲು ಭಾಗಕ್ಕೆ ಕಾರಣ, ಮಾಲು ಮಳಿಗೆಯೊಳಗೇ ಇದ್ದೂ ಖಾನೆಗೆ ಬಾರದಿರುವುದು. ಹೆಚ್ಚುಕಡಿಮೆ ಅರ್ಧಕ್ಕೆ ಮಳಿಗೆಯವರ ಆರ್ಡರ್ ಅಂದಾಜು ತಪ್ಪಿದ್ದು ಕಾರಣ. ಉಳಿದದ್ದು ಮೇಲಿನಿಂದಲೇ ಮಾಲು ಬಾರದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಆದರೆ ಫೋಟೊದಲ್ಲಿ ಮೂರೂ ಒಂದೇ ಥರದ ಖಾಲಿ ಜಾಗ.

ನಮ್ಮ ಅಂಗಡಿಯಲ್ಲಿ ಖಾನೆ ಯಾವುದು?

ಈ ಯಂತ್ರಗಳು ಕಲಿತದ್ದು ಎಲ್ಲಿ? ಒತ್ತೊತ್ತಾದ ರ‍್ಯಾಕ್ ಎಣಿಸುವುದನ್ನು ಕಲಿಸಲು ಹೆಚ್ಚು ಬಳಕೆಯಾಗುವ ಬಹಿರಂಗ ಚಿತ್ರಸಂಗ್ರಹಗಳಲ್ಲಿ ಒಂದು ಎಸ್‌ಕೆಯು-110ಕೆ. 2019ರಲ್ಲಿ ಟ್ರ್ಯಾಕ್ಸ್ ಕಂಪನಿಯ ಜೊತೆಗೂಡಿ ಸಂಶೋಧಕರು ಬಿಡುಗಡೆ ಮಾಡಿದ್ದು. 11,762 ಫೋಟೊ, ಒಂದೊಂದರಲ್ಲೂ ಸರಾಸರಿ 147 ವಸ್ತು. ಫೋಟೊಗಳು ಅಮೆರಿಕ, ಯುರೋಪ್, ಪೂರ್ವ ಏಷ್ಯಾದ ಸೂಪರ್ ಮಾರ್ಕೆಟ್‌ಗಳವು. ಕಂಪನಿಗಳು ತಮ್ಮದೇ ಫೋಟೊ ಸೇರಿಸಿ ಮತ್ತೆ ಕಲಿಸುತ್ತವೆ, ನಿಜ. ಆದರೆ ‘ಅಂಗಡಿ ಅಂದರೆ ಎದುರುಬದುರು ನೇರ ರ‍್ಯಾಕ್, ಅದರಲ್ಲಿ ಮುಖ ಮುಂದೆ ಮಾಡಿ ನಿಂತ ಪ್ಯಾಕೆಟ್’ ಎಂಬ ಕಲ್ಪನೆ ಈ ಇಡೀ ಕ್ಷೇತ್ರದ ಅಡಿಪಾಯದಲ್ಲೇ ಇದೆ.

ನಮ್ಮ ಕಡೆಯ ಅಂಗಡಿ ಹಾಗಿಲ್ಲ. ಶ್ಯಾಂಪೂ, ಕಾಫಿಪುಡಿ, ಗುಟ್ಕಾ ಬದಲಿಗೆ ಬಂದ ಪಾನ್ ಮಸಾಲೆಗಳು ಸರದಂತೆ ಮೇಲಿಂದ ಜೋತು ಬಿದ್ದಿರುತ್ತವೆ. ಒಂದು ಸರದ ಹಿಂದೆ ಎಷ್ಟು ಸರ ಇದೆ ಕಾಣುವುದಿಲ್ಲ, ಮುಂದಿನ ಸರಗಳು ಹಿಂದಿನ ರ‍್ಯಾಕನ್ನೂ ಮುಚ್ಚುತ್ತವೆ. ಬಿಡಿ ಬಿಸ್ಕತ್ತು, ಚಾಕೊಲೇಟ್ ಬರಣಿಯೊಳಗೆ. ಅಕ್ಕಿ, ಸಕ್ಕರೆ ಚೀಲದಲ್ಲಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಚಿಂಚೋಳಿ, ಸೇಡಂ ಭಾಗದ ಹೊಲಗಳಲ್ಲೇ ಬೆಳೆಯುವ ಆ ಬೇಳೆ ಅಂಗಡಿಯಲ್ಲಿ ಬಿಡಿಯಾಗಿ ಚೀಲದಲ್ಲಿದ್ದರೆ, ಫೋಟೊದ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಪ್ಯಾಕೆಟ್ಟೂ ಇಲ್ಲ, ಹೆಸರೂ ಇಲ್ಲ, ಎಣಿಸಲು ಮುಖವೂ ಇಲ್ಲ. ಫೋಟೊ ತೆಗೆಸುವುದು ಪ್ಯಾಕೆಟ್ ಮಾರುವ ಕಂಪನಿಯಾದ ಮೇಲೆ ಅದಕ್ಕೆ ಬೇಳೆಯ ಚೀಲ ಅಡ್ಡಿಯೇ ಹೊರತು ಸರಕಲ್ಲ.

ಇನ್ನೂ ಮುಖ್ಯವಾದ ವ್ಯತ್ಯಾಸ ಒಂದಿದೆ. ಸೂಪರ್ ಮಾರ್ಕೆಟ್‌ನಲ್ಲಿ ಗಿರಾಕಿ ತಾನೇ ಕೈಚಾಚಿ ತೆಗೆದುಕೊಳ್ಳುತ್ತಾನೆ. ಖಾನೆ ಖಾಲಿ ಅಂದರೆ ವ್ಯಾಪಾರ ಹೋಯಿತು ಅಂತಲೇ ಅರ್ಥ. ನಮ್ಮಲ್ಲಿ ಗಿರಾಕಿ ಕಟ್ಟೆಯ ಆಚೆ ನಿಂತು ‘ಅಣ್ಣಾ, ಇದು ಐತೇನ್ರಿ?’ ಅಂತಾನೆ, ಅಂಗಡಿಯವರು ಒಳಗಿನ ಬಾಕ್ಸ್ ಒಡೆದು ಕೊಡುತ್ತಾರೆ. ಇಲ್ಲಿ ಖಾನೆ ಖಾಲಿ ಇದ್ದೂ ವ್ಯಾಪಾರ ನಡೆಯುತ್ತದೆ. ಖಾನೆ ತುಂಬಿದ್ದೂ ಮರುದಿನ ಮಾಲು ಮುಗಿಯಬಹುದು. ನೇರ ರ‍್ಯಾಕ್‌ಗಳ ಅಮೆರಿಕದಲ್ಲೇ ವಾಲ್‌ಮಾರ್ಟ್ ಸುಮಾರು 500 ಮಳಿಗೆಗಳಲ್ಲಿ ಓಡಾಡಿ ಖಾನೆ ನೋಡುತ್ತಿದ್ದ ಬೋಸಾ ನೋವಾ ರೋಬೊಗಳ ಒಪ್ಪಂದವನ್ನು 2020ರಲ್ಲಿ ಕೈಬಿಟ್ಟಿತು. ನಮ್ಮ ಅಂಗಡಿಯಲ್ಲಿ ಖಾಲಿ ಖಾನೆಯ ಅರ್ಥವೇ ಬೇರೆ ಇರುವಾಗ ಅದೇ ಅಳತೆಗೋಲು ತಂದು ಹಚ್ಚುವ ಮುನ್ನ ಇನ್ನಷ್ಟು ಯೋಚಿಸಬೇಕು.

ದಿನವೂ ಲೆಕ್ಕಕ್ಕೆ ಬರಬೇಕು. ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳ ಊರು. ಸಂಬಳದ ಮನೆಗಳಿರುವ ಓಣಿಯ ಅಂಗಡಿಯಲ್ಲಿ ತಿಂಗಳ ಮೊದಲ ವಾರ ಖಾನೆ ಬೇಗ ಬರಿದಾಗುತ್ತದೆ, ಕೊನೆಯ ವಾರ ಉದ್ರಿ ಖಾತೆ ಉದ್ದವಾಗುತ್ತದೆ. ತೊಗರಿ ರಾಶಿಯಾಗಿ ಕೈಗೆ ದುಡ್ಡು ಬರುವ ಕಾಲಕ್ಕೆ ಹಳ್ಳಿಗಿರಾಕಿಯ ಅಂಗಡಿಯದು ಬೇರೆಯೇ ಲಯ. 5ನೇ ತಾರೀಕಿನ ಖಾಲಿ ಖಾನೆ ಒಳ್ಳೆಯ ವ್ಯಾಪಾರದ ಗುರುತಾಗಿರಬಹುದು, 25ನೇ ತಾರೀಕಿನ ಖಾಲಿ ಖಾನೆ ಅಂಗಡಿಯವರ ಹಳೆ ಬಿಲ್ ಬಾಕಿ ಇದ್ದು ಏಜೆನ್ಸಿಯವರು ಮಾಲು ನಿಲ್ಲಿಸಿದ್ದರ ಗುರುತಾಗಿರಬಹುದು. ಎರಡಕ್ಕೂ ಒಂದೇ ಕೆಂಪು ಬಣ್ಣ ಹಚ್ಚಿದರೆ ಹೇಗೆ?

ಕೆಂಪು ಬಣ್ಣ ಯಾರ ಮೇಲೆ ಬೀಳುತ್ತದೆ?

ತಾಂತ್ರಿಕ ಮಾತು ರಾಜಕೀಯ ಆಗುವುದು ಇಲ್ಲಿ. ಗ್ಯಾಪ್‌ನ ಕಾರಣ ಕಂಪನಿಯ ಗೋದಾಮಿನಲ್ಲಿರಬಹುದು, ಏಜೆನ್ಸಿಯಲ್ಲಿರಬಹುದು, ಅಂಗಡಿಯಲ್ಲಿರಬಹುದು. ಆದರೆ ಫೋಟೊ ತೆಗೆಯುವುದು ಅಂಗಡಿಯಲ್ಲಿ ಮಾತ್ರ. ಏಜೆನ್ಸಿಯ ಗೋದಾಮಿನ ಖಾಲಿ ಮೂಲೆಯ ಫೋಟೊ ತೆಗೆದು ಅಂಗಡಿಯವರಿಗೆ ಯಾರೂ ಕಳಿಸುವುದಿಲ್ಲ! ನಿಗಾ ಯಾವತ್ತೂ ಮೇಲಿನಿಂದ ಕೆಳಕ್ಕೇ ಇದ್ದರೆ, ತಪ್ಪೂ ಯಾವತ್ತೂ ಕೆಳಗೇ ಕಾಣುತ್ತದೆ.

ಸೇಲ್ಸ್‌ಮ್ಯಾನ್‌ನ ಇನ್ಸೆಂಟಿವ್ ಫೋಟೊದ ಅಂಕಕ್ಕೆ ಜೋತುಬಿದ್ದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಹಿಂದಿನ ಸೋಪು ಮುಂದಕ್ಕೆ ಎಳೆದು, ಪಕ್ಕದ ಕಂಪನಿಯ ಪ್ಯಾಕೆಟ್ ಸರಿಸಿ, ಫೋಟೊಗೆ ಬೇಕಾದಷ್ಟು ಹೊತ್ತು ಖಾನೆ ತುಂಬಿದಂತೆ ಮಾಡುತ್ತಾರೆ. ಆತನ ಮೋಸ ಅಂತ ಇದನ್ನು ಕರೆಯಲು ನಾನು ಸಿದ್ಧನಿಲ್ಲ. ಮುಖ ಎಣಿಸಿ ದುಡ್ಡು ಕೊಡುತ್ತೇನೆ ಎಂದವರಿಗೆ ಆತ ಮುಖ ಕೊಟ್ಟಿದ್ದಾನೆ.

ಕಾನೂನು ಏನಾದರೂ ಹೇಳುತ್ತದೆಯೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೆಸರೇ ಹೇಳುವಂತೆ ಅದರ ಗಮನ ವ್ಯಕ್ತಿಯ ದತ್ತಾಂಶದ ಮೇಲೆ, ಖಾನೆಯ ಸೋಪಿನ ಮೇಲಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಒಂದು ಒಳ್ಳೆಯ ತತ್ವ ತಂದಿದೆ: ಯಂತ್ರದ ನಿಗಾ ಮತ್ತು ಯಂತ್ರದ ತೀರ್ಮಾನ ಕಾರ್ಮಿಕರ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವರಿಗೆ ತಿಳಿಸಬೇಕು. ಆದರೆ ಅದು ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರಿಗೆ ಮಾಡಿದ್ದು. ಏಜೆನ್ಸಿಯಲ್ಲಿ ತಿಂಗಳ ಸಂಬಳಕ್ಕೆ ದುಡಿಯುತ್ತ, ಅದೇ ಥರದ ಯಂತ್ರದಿಂದ ಅಂಕ ಪಡೆಯುವ ಸೇಲ್ಸ್‌ಮ್ಯಾನ್ ಆ ವ್ಯಾಖ್ಯೆಯೊಳಗೆ ಸುಲಭಕ್ಕೆ ಬರುವುದಿಲ್ಲ. ಆ ತತ್ವ ಆತನಿಗೂ ಸಿಗಬೇಕು ಅನ್ನುವುದು ಯುವಜನರು ಎತ್ತಬಹುದಾದ ನ್ಯಾಯವಾದ ಬೇಡಿಕೆ.

ಅದಕ್ಕೆ ಮುಂಚೆಯೇ ಕೇಳಬಹುದಾದ ಒಂದು ಸರಳ ಪರೀಕ್ಷೆಯೂ ಇದೆ. ಐದೂರಲ್ಲಿ ಎರಡೆರಡು ಅಂಗಡಿ ಆರಿಸಿ. ಫೋಟೊ ತೆಗೆದ ತಕ್ಷಣ, ಯಾರೂ ಖಾನೆ ಮುಟ್ಟುವ ಮೊದಲು, ಮೂರು ಸಂಖ್ಯೆ ಬರೆದುಕೊಳ್ಳಿ: ಯಂತ್ರ ಎಣಿಸಿದ ಮುಖ, ಕಣ್ಣಿಂದ ಎಣಿಸಿದ ಮುಖ, ಹಿಂದಿನ ಸಾಲು ಮತ್ತು ಒಳಗಿನ ಬಾಕ್ಸ್ ಸೇರಿ ಕೈಯಿಂದ ಎಣಿಸಿದ ಒಟ್ಟು ಮಾಲು. ಮೊದಲ ಎರಡು ಹೊಂದದಿದ್ದರೆ ಯಂತ್ರದ ಕಣ್ಣು ಸರಿಯಿಲ್ಲ. ಯಂತ್ರದ್ದು ಹೆಚ್ಚಾದರೆ ಒಂದನ್ನು ಎರಡು ಸಲ ಎಣಿಸುತ್ತಿದೆ, ಕಡಿಮೆಯಾದರೆ ಮರೆಯಲ್ಲಿದ್ದದ್ದನ್ನು ಬಿಡುತ್ತಿದೆ. ಮೊದಲ ಎರಡು ಹೊಂದಿ, ಯಂತ್ರ ಹೇಳಿದ ದಾಸ್ತಾನು ಮೂರನೆಯದಕ್ಕೆ ಹೊಂದದಿದ್ದರೆ ಕಣ್ಣು ಸರಿ ಇದೆ, ಊಹೆ ಸರಿಯಿಲ್ಲ. ಎರಡನೆಯ ಥರದ ತಪ್ಪಿಗೆ ಇನ್ನೂ ಒಳ್ಳೆಯ ಕ್ಯಾಮೆರಾ ತಂದರೂ ಪ್ರಯೋಜನವಿಲ್ಲ.

ಕಂಪನಿಗಳು ಈ ಮೂರು ಸಂಖ್ಯೆಯನ್ನು ಅಂಗಡಿಯವರಿಗೂ ಸೇಲ್ಸ್‌ಮ್ಯಾನ್‌ಗೂ ತೋರಿಸಲಿ. ಪ್ರತಿ ಕೆಂಪು ಗುರುತಿನ ಪಕ್ಕದಲ್ಲಿ ‘ಏಜೆನ್ಸಿಯಿಂದ ಮಾಲು ಬಂದಿಲ್ಲ’, ‘ಒಳಗೆ ಇದೆ’, ‘ಈ ಮಾಲು ನಮ್ಮಲ್ಲಿ ಹೋಗಲ್ಲ’ ಎಂದು ಒತ್ತಲು ಮೂರು ಬಟನ್ ಕೊಡಲಿ, ಕನ್ನಡದಲ್ಲಿ. ಆ ಉತ್ತರ ಇನ್ಸೆಂಟಿವ್ ಲೆಕ್ಕಕ್ಕೂ ಹೋಗಲಿ. ಅಲ್ಲಿಯವರೆಗೆ ಫೋಟೊ ಹೇಳಿದ ಸಂಖ್ಯೆಯ ಮೇಲೆ ಒಬ್ಬರ ಸಂಬಳ ಕಡಿಯುವುದಾಗಲಿ, ಒಂದು ಅಂಗಡಿಯ ಮಾಲು ತಡೆಯುವುದಾಗಲಿ ಆಗಬಾರದು.